ರಾಟಿ ನಿಂತದ್ದು ಕೇಳಸ್ಬೇಕಂದ್ರ ಮ್ಯೂಸಿಕ್ ಎಲ್ಲಿ ಇಳೀಬೇಕು

ಪ್ರಶ್ನೆ: ಸರ್, ನಾವು ಮೂರು ಮಂದಿ ಗೆಳೆಯರು ಕೂಡಿ 4 ನಿಮಿಷದ ಅನಿಮೇಷನ್ ಶಾರ್ಟ್ ಮಾಡೀವಿ, ಒಂದೂ ಮಾತಿಲ್ಲ. ಬೆಟಗೇರಿಯ ಒಬ್ಬ ನೇಕಾರ ಅಜ್ಜ, ಕಂಡಿಕಿ ಸುತ್ತಿ ಕೊಡ್ತಿದ್ದ ಅಜ್ಜಿ ತೀರಿಕೊಂಡ ಮ್ಯಾಲೆ ಮತ್ತ ಮಗ್ಗಕ್ಕ ಕೂಡೋ ಕತಿ. ರೀಪರ್‌ದಾಗ ಫೋಲಿ, ಆಂಬಿಯನ್ಸ್, ಮ್ಯೂಸಿಕ್ ಎಲ್ಲಾ ಹಾಕಿ, ಮಗ್ಗ ಬಡದಾಗ ಮ್ಯೂಸಿಕ್ ತಾನ ತಗ್ಗಲಿ ಅಂತ ಡಕಿಂಗೂ ಕೊಟ್ಟೀವಿ. ಆದ್ರ ಮ್ಯೂಸಿಕ್ ದಮ್ಮು ಹತ್ತಿದಂಗ ಮ್ಯಾಲೆ ಕೆಳಗ ಆಗ್ತೈತಿ, ನೋಡಿದವ್ರು ಚಂದ ಐತಿ ಅಂತಾರ, ಯಾರ ಮನಸಿಗೂ ತಟ್ಟವಲ್ದು. ಎಲ್ಲಿ ತಪ್ಪಾಗೇತಿ?

ಉತ್ತರ: ನೀವು ಕಳಿಸಿದ ಪ್ರಾಜೆಕ್ಟ್ ಫೈಲ್ ಮೊನ್ನಿ ರಾತ್ರಿ ತೆರದು ಕೂತಿದ್ದೆ, ಎರಡು ಸಲ ಪೂರ್ತಿ ನೋಡಿದೆ, ಮೂರನೇ ಸಲ ಸ್ಕ್ರೀನ್ ಆಫ್ ಮಾಡಿ ಬರೇ ಕೇಳಿದೆ. ರೆಕಾರ್ಡಿಂಗ್ ಛಲೋ ಮಾಡೀರಿ, ಅದ್ರಾಗ ತಕರಾರಿಲ್ಲ, ಮಗ್ಗದ ಸೌಂಡ್ ಅಂತೂ ಬೆಟಗೇರಿ ಓಣ್ಯಾಗ ಹೊಂಟಂಗ ಅನಸ್ತು. ದಮ್ಮಿನ ಕಾಯಿಲೆ ಸಣ್ಣದು, ಅರ್ಧ ತಾಸಿನ ಕೆಲಸ. ಮನಸಿಗೆ ತಟ್ಟದೇ ಇರೋದು ಬ್ಯಾರೆ ಕಾಯಿಲೆ, ಅದಕ್ಕ ಅಜ್ಜಿ ಕಂಡಿಕಿ ಸುತ್ತೋ ರಾಟಿ ಹಂತೇಕ ಹೋಗ್ಬೇಕಾಗ್ತೈತಿ. ಮೊದ್ಲು ಸಣ್ಣದು ಮುಗಸೋಣು.

ಮ್ಯೂಸಿಕ್ ಟ್ರ್ಯಾಕ್ ಸೋಲೋ ಮಾಡಿ ನಿಮ್ಮ ಕಂಪ್ರೆಸರ್ `ReaComp` ದ ಮೀಟರ್ ನೋಡಿದೆ. ಥ್ರೆಶೋಲ್ಡ್ -30, ರೇಶಿಯೋ 4:1, ಅಟ್ಯಾಕ್ 5 ಮಿಲಿಸೆಕೆಂಡ್, ರಿಲೀಸ್ 250. ಇದು ಮಾತಿಗೆ ಡಕಿಂಗ್ ಕೊಡೋ ಟ್ಯುಟೋರಿಯಲ್‌ದಾಗ ಬರೋ ಸೆಟ್ಟಿಂಗ್, ಪಾಡ್‌ಕಾಸ್ಟಿಗೆ ನಡೀತೈತಿ. ಮಾತು ಅಂದ್ರ ಎರಡು ಮೂರು ಸೆಕೆಂಡ್ ಒಂದ ಸಮ ಇರ್ತೈತಿ, ಕಂಪ್ರೆಸರ್ ಒಮ್ಮೆ ಮ್ಯೂಸಿಕ್ ಇಳಿಸಿ ಹಂಗ ಹಿಡಕೊಂಡು ಕೂಡ್ತೈತಿ. ನಿಮ್ಮ ಮಗ್ಗ ಹಂಗಲ್ಲ. ಒಂದು ಎಳಿ ಹಾಕಾಕ ನಿಮ್ಮ ಅಜ್ಜಗ ಹೆಚ್ಚು ಕಡಿಮಿ 1 ಸೆಕೆಂಡ್ ಬೇಕು, ಆ ಒಂದು ಸೆಕೆಂಡಿನೊಳಗ ಹಗ್ಗ ಜಗ್ಗಿದ್ದು ಟಕ್, ಲಾಳಿ ಸರ್ರಂತ ಹೋಗಿ ಆ ಕಡೆ ಪೆಟ್ಟಿಗಿಗೆ ಬಡದದ್ದು ಟಪ್, ಆಮ್ಯಾಲೆ ಹಣಿಗಿ ಬಂದು ಎಳಿಗೆ ಹೊಡದದ್ದು ಧಡ್. ಇದ್ರಾಗ ಧಡ್ ಅನ್ನೋದು -10 ರ ತನಕ ಹೋಗೇತಿ, ಅಂದ್ರ ಥ್ರೆಶೋಲ್ಡಿಗಿಂತ 20 ಡಿಬಿ ಮ್ಯಾಲೆ, 4:1 ಲೆಕ್ಕದಾಗ 5 ಡಿಬಿ ಅಷ್ಟ ಹೊರಗ ಬಿಡ್ತೈತಿ, ಉಳಿದ 15 ಡಿಬಿ ಮ್ಯೂಸಿಕ್‌ನಿಂದ ಕಡಿತ. ಕಾಲು ಸೆಕೆಂಡಿನ ರಿಲೀಸ್‌ದಾಗ ಅದು ವಾಪಸ್ ಏರತೈತಿ, ಏರಿ ನಿಂತಿರಂಗಿಲ್ಲ, ಮುಂದಿನ ಎಳಿದು ಧಡ್ ಬರ್ತೈತಿ, ಮತ್ತ ಇಳೀತೈತಿ. ಅಜ್ಜ ನೇಯೋದು ಸೀರಿ, ಕಂಪ್ರೆಸರ್ ನೇಯೋದು ನಿಮ್ಮ ವಯೋಲಿನ್ನು.

ಇನ್ನೊಂದು ಕಳ್ಳ ಅದಾನ, ಅವನ್ನ ನೀವು ನೋಡೇ ಇಲ್ಲ. ಮಾಸ್ಟರ್ ಮ್ಯಾಲೆ ಒಂದು ಕಂಪ್ರೆಸರ್, ಅದ್ರ ಮುಂದ ಲಿಮಿಟರ್ ಹಾಕಿ ಜೋರು ಮಾಡೀರಿ. ಹುಡುಕೋದು ಹೆಂಗಂದ್ರ, ಮ್ಯೂಸಿಕ್ ಪೂರ್ತಿ ಮ್ಯೂಟ್ ಮಾಡಿ ಮಗ್ಗ ಮತ್ತ ಆಂಬಿಯನ್ಸ್ ಎರಡ ಹಾಕಿ ಕೇಳ್ರಿ. ಆಂಬಿಯನ್ಸಿಗೆ ನೀವು ಡಕಿಂಗ್ ಕೊಟ್ಟಿಲ್ಲ, ಹಂಗಿದ್ರೂ ಪ್ರತಿ ಧಡ್‌ಗೆ ಫ್ಯಾನಿನ ಗುಂಯ್ ಅನ್ನೋದು ಒಳಗ ಹೊರಗ ಆಗ್ತೈತಿ. ಸೈಡ್‌ಚೈನ್ ಇಲ್ಲದ ಟ್ರ್ಯಾಕೂ ಉಸಿರಾಡಾಕತ್ತಿದ್ರ ತಪ್ಪು ಮಾಸ್ಟರ್‌ನಾಗ ಐತಿ ಅಂತ ತಿಳ್ಕೋರಿ. ಎರಡನ್ನೂ ಬೈಪಾಸ್ ಮಾಡಿ ಮಿಕ್ಸ್ ಮಾಡ್ರಿ, ಕಡೀಗೆ ಪೀಕ್ ಹಿಡಿಯಾಕಷ್ಟ ಲಿಮಿಟರ್ ಇಡ್ರಿ. ಲಿಮಿಟರಿಗೆ 6 ಡಿಬಿ ತಳ್ಳಿದ್ರ ನೀವು ಕಷ್ಟಪಟ್ಟು ಮಾಡಿದ ಏರಿಳಿತ ಎಲ್ಲಾ ಚಪಾತಿ ಲಟ್ಟಿಸಿದಂಗ ಸಪಾಟ ಆಗ್ತೈತಿ. ಯೂಟ್ಯೂಬಿಗೆ ಅಂತ ಜೋರು ಮಾಡಿದ್ರಿ ಅನ್ಸತೈತಿ, ಆದ್ರ ಅದು -14 ಲಫ್ಸ್‌ಗಿಂತ ಜೋರು ಇದ್ದದ್ದನ್ನ ತಾನ ಇಳಿಸಿ ಹಾಕ್ತೈತಿ, ಅಂದ್ರ ಲಟ್ಟಿಸಿದ್ದಷ್ಟ ಉಳೀತು, ಜೋರು ಉಳೀಲಿಲ್ಲ.

ಈಗ ಡಕಿಂಗ್ ಮರು ಕಟ್ಟೋದು. ಮಗ್ಗದ ಟ್ರ್ಯಾಕಿನಿಂದ ಮ್ಯೂಸಿಕ್‌ಗೆ ಹೋಗೋ ಸೆಂಡ್ ತಗದು ಹಾಕ್ರಿ. ಹೊಸಾ ಟ್ರ್ಯಾಕ್ ಒಂದು ಮಾಡ್ರಿ, ಹೆಸರು `KEY` ಅಂತಿರ್ಲಿ, ಅದ್ರಾಗ ಒಂದ ಸಮ ಇರೋ ಟೋನ್ ಇಲ್ಲಾ ನಾಯ್ಸ್ ಹಾಕ್ರಿ, ಎಲ್ಲಿಂದ ಎಲ್ಲಿತನಕ ಮ್ಯೂಸಿಕ್ ತಗ್ಗಬೇಕೋ ಅಷ್ಟ ಉದ್ದ. ಇದು ಯಾರಿಗೂ ಕೇಳಸಬಾರ್ದು, ಹಿಂಗಾಗಿ ರೌಟಿಂಗ್‌ದಾಗ `Master send` ಟಿಕ್ ತೆಗಿರಿ.

```
KEY 1/2  ->  MUSIC 3/4
ReaComp  Detector input: Auxiliary Input L+R
Ratio 2:1   Attack 300 ms   Release 1800 ms
```

ಥ್ರೆಶೋಲ್ಡ್ ನಾ ಹೇಳಂಗಿಲ್ಲ, ಅದು ನಿಮ್ಮ ಟೋನ್ ಎಷ್ಟು ಜೋರು ಇಟ್ಟೀರಿ ಅನ್ನೋದ್ರ ಮ್ಯಾಲೆ ಹೋಗ್ತೈತಿ, ಮೀಟರ್‌ನಾಗ ಕಡಿತ 6 ಡಿಬಿ ಬರೋತನಕ ಇಳಿಸ್ಕೋಂತ ಹೋಗ್ರಿ. ಮಗ್ಗ ಎಷ್ಟ ಸಲ ಬಡದ್ರೂ ಮ್ಯೂಸಿಕ್ ಒಮ್ಮೆ ಮೆಲ್ಲಕ ಕೂಡ್ತೈತಿ, ಸೀನ್ ಮುಗದಾಗ ಮೆಲ್ಲಕ ಏಳ್ತೈತಿ, ಅಷ್ಟ. ಫೇಡರ್ ಆಟೋಮೇಷನ್ ಕೈಲೆ ಬರದ್ರ ಆಗಂಗಿಲ್ಲೇನು ಅಂತ ಕೇಳ್ತೀರಿ, ಆಗ್ತೈತಿ, ಒಂದೆರಡು ಜಾಗಾಕ್ಕ ನಾನೂ ಕೈಲೇನ ಬರೀತೀನಿ. ಆದ್ರ ನಿಮ್ಮ ಅನಿಮೇಟರ್ ಇನ್ನೂ ಶಾಟ್ ಹಿಂದ ಮುಂದ ಮಾಡಾಕತ್ತಾನ ಅಂತ ಬರದೀರಿ, ಆವಾಗ `KEY` ಒಳಗಿನ ಒಂದು ತುಂಡು ಸರಿಸಿದ್ರ ವಯೋಲಿನ್, ಪ್ಯಾಡ್, ಕೊಳಲು ಮೂರೂ ಕೂಡೇ ಸರೀತಾವು, ಮೂರು ಟ್ರ್ಯಾಕಿನ ಗೆರಿ ಮತ್ತ ಬರಿಯೋ ಗೋಳಿಲ್ಲ.

ಮತ್ತೊಂದು ಮರೀಬ್ಯಾಡ್ರಿ, ವಯೋಲಿನ್ನಿನ ರಿವರ್ಬ್ ನೀವು ಬ್ಯಾರೆ ಬಸ್ಸಿಗೆ ಕಳಸೀರಿ, ಅದು ಡಕಿಂಗ್ ಆಗೋ ಬಸ್ಸಿಗೆ ಬರದ ಸೀದಾ ಮಾಸ್ಟರಿಗೆ ಹೋಗ್ತೈತಿ. ವಯೋಲಿನ್ ಇಳದ್ರೂ ಅದ್ರ ಬಾಲ ಮೂರು ಸೆಕೆಂಡ್ ಹಂಗ ತೇಲ್ತಿರ್ತೈತಿ, ಅಜ್ಜನ ಕೈ ಬಟ್ಟಿ ಮ್ಯಾಲೆ ಆಡಿದ ಸೌಂಡ್ ಎಲ್ಲಾ ಅದ್ರಾಗ ಮುಚ್ಚಿ ಹೋಗೇತಿ. ರಿವರ್ಬ್ ರಿಟರ್ನ್ ಮ್ಯೂಸಿಕ್ ಬಸ್ಸಿನೊಳಗ ತಂದು, ಡಕಿಂಗ್ ಮಾಡೋ ಕಂಪ್ರೆಸರ್ ಆ ಬಸ್ಸಿನ ಕಡೀಗೆ ಇಡ್ರಿ.

ದಮ್ಮು ಇಲ್ಲಿಗೆ ಹೋತು. ಇನ್ನ ತಟ್ಟೋ ವಿಷಯ.

ಮಾತಿರೋ ಸಿನಿಮಾದಾಗ ಯಾರ ಸಲುವಾಗಿ ಮ್ಯೂಸಿಕ್ ತಗ್ಗಬೇಕು ಅನ್ನೋದು ವಿಚಾರ ಮಾಡೋದ ಬೇಕಾಗಂಗಿಲ್ಲ, ಮಾತಿನ ಸಲುವಾಗಿ. ನಿಮ್ಮದ್ರಾಗ ಮಾತಿಲ್ಲ, ಹಿಂಗಾಗಿ ಪ್ರತಿ ಸೀನಿಗೂ ಈಗ ಯಾರು ಮಾತಾಡಾಕತ್ತಾರ ಅಂತ ಕೇಳ್ಕೋಬೇಕು. ನೀವು ಜೋರಾಗಿದ್ದದ್ದಕ್ಕ ಅಂದ್ರ ಮಗ್ಗಕ್ಕ ಆ ಜಾಗಾ ಕೊಟ್ಟೀರಿ. ನನ್ನ ಕೇಳಿದ್ರ ಈ ಸಿನಿಮಾದಾಗ ಮಾತಾಡೋದು ರಾಟಿ, ಮತ್ತ ಅದು ಹೆಚ್ಚು ಮಾತಾಡೋದು ನಿಂತ ಮ್ಯಾಲೆ.

ಈಗ ನಿಮ್ಮದ್ರಾಗ ಏನಾಗೇತಿ ಅಂದ್ರ, 0:25 ಕ್ಕ ಅಜ್ಜಿ ರಾಟಿ ತಿರುವೋ ಕ್ಲೋಸಪ್ ಐತಿ, ಅಲ್ಲಿ ಕಿರ್ರ್ ಅಂತ ಸೌಂಡ್ ಹಾಕೀರಿ, ಶಾಟ್ ಮುಗೀತು, ಸೌಂಡೂ ಮುಗೀತು. 1:20 ಕ್ಕ ಗ್ವಾಡಿ ಮ್ಯಾಲೆ ಅಜ್ಜಿ ಫೋಟೋ, ಹಾರ, ಅಲ್ಲಿಂದ ವಯೋಲಿನ್ ಪೂರ್ತಿ ಜೋರು. ನೋಡೋರಿಗೆ ಫೋಟೋ ನೋಡಿ ಅಜ್ಜಿ ಹೋದದ್ದು ತಿಳೀತು, ವಯೋಲಿನ್ ಕೇಳಿ ಈಗ ದುಃಖ ಪಡಬೇಕು ಅನ್ನೋದೂ ತಿಳೀತು. ತಿಳಿಯೋದು ಬ್ಯಾರೆ ಐತ್ರಿ, ನಮ್ಮ ಮನ್ಯಾಗ ಯಾರರ ಹೋದಾಗ ನಾವು ಫೋಟೋ ನೋಡಿ ಅಳಂಗಿಲ್ಲ, ಮುಂಜಾನೆ ಎದ್ದಾಗ ಒಲಿ ಮುಂದಿನ ಆ ಬಳಿ ಸಪ್ಪಳ ಇಲ್ಲ ಅಂದಾಗ ಅಳ್ತೀವಿ.

ಅದಕ್ಕ ಆಂಬಿಯನ್ಸ್ ಮೂರು ಪದರು ಮಾಡ್ರಿ. ಅಡಿಪದರು ಮನೀದು, ಖೋಲಿ ಗಾಳಿ, ಫ್ಯಾನು. ನಡು ಪದರು ಓಣೀದು, ಬಾಜೂ ಮನಿ ಮಗ್ಗ, ದೂರದಾಗ ಬಸ್ಸು, ಮಂದಿ. ಮೂರನೇದು ರಾಟಿ, ಇದನ್ನ ಫೋಲಿ ಫೋಲ್ಡರಿಂದ ತಗದು ಆಂಬಿಯನ್ಸಿನೊಳಗ ಹಾಕ್ರಿ. 0:25 ರ ಕ್ಲೋಸಪ್‌ನಾಗ ಅದು ಫೋಲಿನ, ಮುಂದಿಂದ ಕೇಳಸಬೇಕು, ಅಲ್ಲಿ `KEY` ಇಟ್ಟು ಮ್ಯೂಸಿಕ್ 6 ಡಿಬಿ ಇಳಿಸಿ ಮೂರು ಸೆಕೆಂಡ್ ಪೂರ್ತಿ ಜಾಗಾ ಬಿಟ್ಟುಕೊಡ್ರಿ, ಯಾಕಂದ್ರ ಒಮ್ಮೆ ಗುರುತು ಹತ್ತದ ಸೌಂಡ್ ಆಮ್ಯಾಲೆ ಇಲ್ಲದಂಗಾದ್ರ ಯಾರಿಗೂ ಗೊತ್ತಾಗಂಗಿಲ್ಲ. ಶಾಟ್ ಕಟ್ ಆದ ಮ್ಯಾಲೆ ಅದನ್ನ ನಿಲ್ಲಿಸಬ್ಯಾಡ್ರಿ. 14–15 ಡಿಬಿ ಇಳಿಸಿ, 4 ಕಿಲೋಹರ್ಟ್ಸ್ ಮ್ಯಾಲಿಂದು ಕಡದು, ಅಜ್ಜಿ ಕೂಡ್ತಿದ್ದ ಎಡಕ್ಕ ಸ್ವಲ್ಪ ಪ್ಯಾನ್ ಮಾಡಿ, ಅಜ್ಜಿ ಕಾಣದ ಶಾಟಿನಾಗೂ ನಡಸ್ಕೋಂತ ಹೋಗ್ರಿ, ಅಜ್ಜ ನೀರು ಕುಡಿಯೋವಾಗ, ಬಾಗಲಕ್ಕ ಯಾರೋ ಬಂದಾಗ, ಎಲ್ಲಾ ಕಡೆ ಹಿಂದ ಕಿರ್ರ್, ಕಿರ್ರ್. ಆದ್ರ ಹತ್ತು ಸೆಕೆಂಡಿನ ತುಂಡು ಲೂಪ್ ಮಾಡಿದ್ರ ನಡ್ಯಂಗಿಲ್ಲ, ಎರಡನೇ ಸುತ್ತಿಗೆ ಕಿವಿ ಕಂಡು ಹಿಡೀತೈತಿ, ಎರಡು ಮೂರು ನಿಮಿಷ ಬಿಡದ ತಿರುವಿಸಿ ರೆಕಾರ್ಡ್ ಮಾಡ್ಕೋರಿ, ನಡುವ ಎಳಿ ಹರದು ನಿಂತದ್ದೂ ಇರ್ಲಿ, ಮನಿಶ್ಯಾರು ಹಂಗ ತಿರವೋದು.

1:20 ಕ್ಕ ಬರ್ರಿ. ರಾಟಿ ಕಟ್ಟಿನ ಫ್ರೇಮಿನ ಮ್ಯಾಲೇನ ನಿಲ್ಲಬೇಕು, ಫೇಡ್ ಬ್ಯಾಡ, ತಿರುಗ್ತಿದ್ದದ್ದು ಅರ್ಧಕ್ಕ. ಬಾಕಿ ಎರಡೂ ಪದರು ಒಂದು ಡಿಬಿನೂ ಅಲುಗಾಡಬಾರ್ದು, ಬಾಜೂ ಮನಿ ಮಗ್ಗ ನಡದ ಇರ್ಬೇಕು. ಎಲ್ಲಾ ಕೂಡಿ ನಿಂತ್ರ ನೋಡೋರಿಗೆ ಸೌಂಡ್ ಹೋತು ಅನಸ್ತೈತಿ, ಸ್ಪೀಕರ್ ಕಡೆ ನೋಡ್ತಾರ. ಒಂದ ನಿಂತ್ರ ಮನ್ಯಾಗಿಂದ ಒಬ್ಬರು ಹೋದ್ರು ಅನಸ್ತೈತಿ, ಯಾಕ ಹಂಗನಸ್ತು ಅಂತ ಅವ್ರಿಗೂ ಹೇಳಾಕ ಬರಂಗಿಲ್ಲ.

ಆದ್ರ ಆ ನಿಂತ ಜಾಗಾ ಕೇಳಸಬೇಕಲ್ಲ? ಇಲ್ಲಿ ನಿಮ್ಮ ವಯೋಲಿನ್ ಅಡ್ಡ ಬಂದೈತಿ. ರಾಟಿ ಕಿರುಗುಟ್ಟೋದು ಹೆಚ್ಚು ಕಡಿಮಿ 1.5 ರಿಂದ 4 ಕಿಲೋಹರ್ಟ್ಸ್ ನಡುವ ಐತಿ, ಅನಲೈಜರ್ ಹಾಕಿ ನೋಡಿದೆ, ವಯೋಲಿನ್ನಿನ ಹೊಳಪೂ ಅಲ್ಲೇನ ಐತಿ. ರಾಟಿ ಖಾಲಿ ಮಾಡಿದ ಕುರ್ಚಿ ಮ್ಯಾಲೆ ವಯೋಲಿನ್ ಬಂದು ಕೂತೈತಿ, ಕುರ್ಚಿ ಖಾಲಿ ಐತಿ ಅಂತ ಯಾರಿಗೆ ಗೊತ್ತಾಗಬೇಕು? ನಾವು ಡಕಿಂಗ್ ಅಂದ್ರ ಒಂದು ಸೌಂಡ್ ಕೇಳಸಲಿ ಅಂತ ಇನ್ನೊಂದನ್ನ ತಗ್ಗಸೋದು ಅಂತ ಕಲ್ತಿರ್ತೀವಿ, ಇಲ್ಲಿ ಒಂದು ಸೌಂಡ್ ಇಲ್ಲದ್ದು ಕೇಳಸಲಿ ಅಂತ ತಗ್ಗಸಬೇಕು, ಸಿಗ್ನಲ್ ಇಲ್ಲದಲ್ಲಿ ಸೈಡ್‌ಚೈನ್ ಏನೂ ಮಾಡಂಗಿಲ್ಲ, ಅದಕ್ಕ ಆ `KEY` ತುಂಡು ಮತ್ತ ಕೆಲಸಕ್ಕ ಬರ್ತೈತಿ. 1:18 ರಿಂದ 1:50 ರ ತನಕ ಒಂದು ತುಂಡು ಇಡ್ರಿ, ಇಲ್ಲಿ 6 ಸಾಲಂಗಿಲ್ಲ, 12 ಡಿಬಿ ಬೇಕು, ಅಷ್ಟೂ ಕಂಪ್ರೆಸರಿನಿಂದನ ತರಬೇಕಂತಿಲ್ಲ, ಉಳಿದದ್ದು ಕೈಲೆ ಬರೀರಿ, ಕೂಡೇ ಮ್ಯೂಸಿಕ್ ಬಸ್ಸಿಗೆ ಒಂದು ಇಕ್ಯೂ ಹಾಕಿ 1.5–4 ಕಿಲೋಹರ್ಟ್ಸ್ ಜಾಗಾದಾಗ 4 ಡಿಬಿ ತಗ್ಗು ಮಾಡ್ರಿ. ಗಟ್ಟಿ ಮನಸಿದ್ರ ಆ ಮೂವತ್ತು ಸೆಕೆಂಡ್ ಮ್ಯೂಸಿಕ್ ಪೂರ್ತಿ ತಗದು ನೋಡ್ರಿ. ನಾನಾಗಿದ್ರ ತಗದು ಬಿಡ್ತಿದ್ದೆ, ಆದ್ರ ವಯೋಲಿನ್ ಬಾರಿಸಿದವ್ರು ನಿಮ್ಮ ಗೆಳೆಯ ಅಂತೀರಿ, ಅದು ನಿಮ್ಮ ಮನಿ ಜಗಳ.

1:20 ಕ್ಕ ಇಳೀಬೇಕಂದ್ರ ತುಂಡು 1:18 ಕ್ಕ ಯಾಕ ಚಾಲೂ ಅಂತ ಕೇಳಬಹುದು. ಜೋರಾದದ್ದು ನಿಂತ ಕೂಡ್ಲೇ ಸಣ್ಣ ಸೌಂಡ್ ಕಿವಿಗೆ ಸಿಗಂಗಿಲ್ಲ, ನೂರಿನ್ನೂರು ಮಿಲಿಸೆಕೆಂಡ್ ಕಿವಿ ಮಂದ ಇರ್ತೈತಿ. ಮ್ಯೂಸಿಕ್ ಮುಂಚೆ ಇಳದು, ಎರಡು ಸೆಕೆಂಡ್ ಬರೇ ರಾಟಿ ಮತ್ತ ಓಣಿ ಕಿವ್ಯಾಗ ಕೂತು, ಆಮ್ಯಾಲೆ ರಾಟಿ ನಿಲ್ಲಬೇಕು. ಸಾದಾ ಸೈಡ್‌ಚೈನ್ ಯಾವಾಗ್ಲೂ ಸೌಂಡ್ ಬಂದ ಮ್ಯಾಲೆ ಏಳ್ತೈತಿ, ಮೊದ್ಲ ಏಳೋದು ಅದಕ್ಕ ಗೊತ್ತಿಲ್ಲ.

ಇನ್ನ 2:40 ರ ಸೀನ್, ಅಜ್ಜಿ ಸುತ್ತಿಟ್ಟ ಕಡೇ ಕಂಡಿಕಿ. ಇದನ್ನ ಬರದವ್ರ ಕೈಗೆ ನಮಸ್ಕಾರ, ಆದ್ರ ಸೌಂಡಿನಾಗ ನೀವು ಅದನ್ನ ಹಾರಿಸಿಬಿಟ್ಟೀರಿ. ಅಜ್ಜ ಮಗ್ಗದ ಮ್ಯಾಲಿನ ಬಟ್ಟಿ ಸರಸ್ತಾನ, ಗೂಡಿನಾಗಿಂದ ಕಂಡಿಕಿ ತಗೋತಾನ, ಲಾಳ್ಯಾಗ ಕೂಡಸ್ತಾನ, ಹಗ್ಗ ಜಗ್ಗತಾನ. ನಾಲ್ಕಕ್ಕೂ ಒಂದ ಜೋರಿನ ಸೌಂಡ್, ಹಿಂದ ವಯೋಲಿನ್ ಏರ್ಕೋಂತ ಹೊಂಟೈತಿ. ಇಲ್ಲಿ ಬಟ್ಟಿ ಸರಸೋ ಹೊತ್ತಿಗೇನ ಮ್ಯೂಸಿಕ್ ಇಳಿಸಾಕ ಚಾಲೂ ಮಾಡ್ರಿ, 3–4 ಸೆಕೆಂಡ್ ತಗೊಂಡು, ಕಂಡಿಕಿ ಕೈಗೆ ಬರೋದ್ರಾಗ ಕೇಳ್ಯೂ ಕೇಳದಂಗ ಇರ್ಬೇಕು. ಇದನ್ನ ಕಂಪ್ರೆಸರಿಗೆ ಬಿಡಬ್ಯಾಡ್ರಿ, ಪಿಕ್ಚರ್ ನೋಡ್ಕೋಂತ ಫೇಡರ್ ಕೈಲೆ ಎಳೀರಿ, ಐದಾರು ಸಲ, ಛಲೋ ಬಂದದ್ದು ಇಟ್ಕೋರಿ. ಜಲ್ದಿ ಇಳದ್ರ ಯಾರೋ ವಾಲ್ಯೂಮ್ ಕಡಿಮಿ ಮಾಡಿದಂಗ ಕೇಳಸ್ತೈತಿ, ಮೆಲ್ಲಕ ಇಳದ್ರ ನೋಡೋರು ತಾವ ಮುಂದ ಬಾಗಿ ಕೇಳಾಕತ್ತಂಗ ಆಗ್ತೈತಿ.

ಆ ಜಾಗಾಕ್ಕ ಏನು ತುಂಬಬೇಕು ಅಂದ್ರ ಬಟ್ಟಿ ಮತ್ತ ಉಸುರು. ನಿಮ್ಮ ಅಜ್ಜಗ ಬಟ್ಟಿ ಸೌಂಡ್ ಇಲ್ಲ, ಹಿಂಗಾಗಿ ಅವ ಚಿತ್ರಾನ ಉಳದಾನ. ಮನ್ಯಾಗ ಹಳೇ ಧೋತ್ರ ಇದ್ರ ತಗೋರಿ, ಒಗದು ಒಗದು ಮೆತ್ತಗಾದದ್ದು, ಹೊಸಾದು ಕರಕರ ಅಂತೈತಿ. ಮೈಕ್ ಒಂದು ಗೇಣು ದೂರ ಇಟ್ಟು, ಅಜ್ಜನ ಆಕ್ಷನ್ ನೋಡ್ಕೋಂತ ನೀವ ಅಂಗಿ ಮ್ಯಾಲೆ ಅದನ್ನ ಹೊದ್ದು ಕೈ ಆಡಸ್ರಿ, ಇಡೀ ಸೀನ್ ಒಂದ ಟೇಕ್. ರಾತ್ರಿ ಎರಡಕ್ಕ ಮಾಡ್ರಿ, ಹುಬ್ಬಳ್ಳ್ಯಾಗ ನಂದ ರೂಮಿನಾಗ ಸಂಜೀ ಮಾಡಾಕ ಹೋಗಿ ಒಂದು ಧೋತ್ರದ ಟೇಕಿನೊಳಗ ಬಾಜೂ ಮನಿ ಕುಕ್ಕರ್ ಸೀಟಿ ಮೂರು ಸಲ ಸಿಕ್ಕಿತ್ತು, ಮಿಕ್ಸ್ ಮುಗಿಯೋತನಕ ನನಗ ಗೊತ್ತಾಗಿರ್ಲಿಲ್ಲ, ಕಂಪ್ರೆಸರ್ ಹಾಕಿ ಏರಿಸಿದಾಗ ಧೋತ್ರದಾಗಿಂದ ಕುಕ್ಕರ್ ಕೂಗ್ತು. ಉಸುರು ಒಂದ ಸಾಕು, ಹಗ್ಗ ಜಗ್ಗೋಕ್ಕಿಂತ ಮೊದ್ಲ ಒಳಗ ಎಳಕೊಂಡದ್ದು. ಹೊರಗ ಬಿಟ್ಟದ್ದು ಹಾಕಬ್ಯಾಡ್ರಿ, ಅದು ನಿಟ್ಟುಸಿರು ಆಗಿ ನಾಟಕ ಆಗ್ತೈತಿ.

ಲಾಳಿ ಮೊದ್ಲ ಸಲ ಹೋಗೋ ಸೌಂಡಿಗೆ ನೀವು ಮೊದಲಿನ ಸೀನಿಂದ ಕಾಪಿ ಮಾಡೀರಿ, ಗೊತ್ತಾಗ್ತೈತಿ, ಅಜ್ಜಿ ಇದ್ದಾಗಿನ ಅದ ಜೋರು, ಅದ ದೂರ. ಇಲ್ಲಿ ಮೈಕ್ ಹಂತೇಕ ಹಿಡದು, ಎಳಿ ಬಿಚ್ಚಿಕೋಂತ ಹೋಗೋ ಆ ಸಣ್ಣ ಸೊಯ್ ಬ್ಯಾರೆ ತಗೋರಿ. ಮಗ್ಗದ ಮುಂದ ಅದು ಸಿಗಂಗಿಲ್ಲ, ಕಂಡಿಕಿ ಒಂದನ್ನ ಕೈಯಾಗ ಹಿಡದು ಎಳಿ ಜಗ್ಗಿದ್ರ ಸಿಗ್ತೈತಿ. ಅದನ್ನ ಲಾಳಿ ಸರ್ರ್ ಮ್ಯಾಲೆ ಕೂಡಸ್ರಿ. ಪ್ರತಿ ಎಳಿಗೂ ಆ ಸೊಯ್ ಕೇಳಸಲಿ, ಯಾಕಂದ್ರ ಅದು ಅಜ್ಜಿ ಸುತ್ತಿದ್ದು ಬಿಚ್ಚಾಕತ್ತಿದ್ದು. ಕಡೇ ಎಳಿಗೆ ಸೊಯ್ ಇರಬಾರ್ದು, ಖಾಲಿ ಲಾಳಿ ಬರೇ ಟೊಳ್ಳು ಸದ್ದಿನಿಂದ ಆ ಕಡೆ ಬಡೀಬೇಕು. ಈ ಟೊಳ್ಳಿಗೆ ಲಟ್ಟಣಗಿ ಮಣಿ ಮ್ಯಾಲೆ ಉಳ್ಳಿಸಿ ನೋಡ್ರಿ, ನನಗ ಖರೇ ಲಾಳಿಗಿಂತ ಅದ ಛಲೋ ಸಿಕ್ಕಿತ್ತು.

ಸಿಂಕ್ ಬಗ್ಗೆ ಒಂದ ಮಾತು, 24 ಫ್ರೇಮಿಗೆ ಒಂದು ಫ್ರೇಮ್ ಅಂದ್ರ 42 ಮಿಲಿಸೆಕೆಂಡ್ ಹತ್ರ ಹತ್ರ. ನಿಮ್ಮ ಹಣಿಗಿ ಏಟು ಕೆಲವು ಕಡೆ ಎರಡು ಫ್ರೇಮ್ ಮುಂಚೆ ಬಿದ್ದೈತಿ. ಒಂದು ಫ್ರೇಮ್ ತಡಾ ಆದ್ರ ಕಣ್ಣು ಮಾಫ್ ಮಾಡ್ತೈತಿ, ಮುಂಚೆ ಬಂದದ್ದು ಮಾಡಂಗಿಲ್ಲ.

ಎಲ್ಲಾ ಆದ ಮ್ಯಾಲೆ ಫೋನಿನಾಗ ಹಾಕಿ ನೋಡ್ರಿ, ನಿಮ್ಮ ಸಿನಿಮಾ ಹೆಚ್ಚು ಮಂದಿ ನೋಡೋದು ಅದ್ರಾಗ. ನಿಮ್ಮ ಅಡಿಪದರು ಬರೇ ಫ್ಯಾನಿನ ಗುಂಯ್, ಅದು 200 ಹರ್ಟ್ಸ್ ಕೆಳಗ ಐತಿ, ಫೋನಿನ ಸ್ಪೀಕರ್ ಅದನ್ನ ಕೊಡೋದ ಇಲ್ಲ. 1:20 ಕ್ಕ ರಾಟಿ ನಿಂತ್ರ ಫೋನಿನಾಗ ಓಣಿ ಸಪ್ಪಳದ ನಡು ನಡುವ ಪೂರ್ತಿ ಸುಮ್ಮ ಆಗಿ ಫೈಲ್ ಹ್ಯಾಂಗ್ ಆಗೇತೇನೋ ಅನಸ್ತೈತಿ. ಅಡಿಪದರಿಗೆ ಸ್ವಲ್ಪ ಮ್ಯಾಲಿನ ಸ್ವರದ್ದು ಏನರ ಕೂಡಸ್ರಿ, ಗಾಳಿಗೆ ಕ್ಯಾಲೆಂಡರ್ ಹಾಳಿ ಗ್ವಾಡಿಗೆ ತಿಕ್ಕೋದು ಸಾಕು. ಆಮ್ಯಾಲೆ ಮೋನೋ ಮಾಡಿ ಒಮ್ಮೆ ಕೇಳ್ರಿ, ಎಡಕ್ಕ ಪ್ಯಾನ್ ಮಾಡಿದ ರಾಟಿ ಮಗ್ಗದ ಕೆಳಗ ಮುಚ್ಚಿ ಹೋಗಿದ್ರ ಒಂದೆರಡು ಡಿಬಿ ಏರಸ್ರಿ.

ಖಾಲಿ ಲಾಳಿ ಬಡದ ಮ್ಯಾಲೆ ನೀವು ಟೈಟಲಿಗೆ ವಯೋಲಿನ್ ವಾಪಸ್ ತಂದೀರಿ, ತರ್ರಿ, ಬ್ಯಾಡ ಅನ್ನಂಗಿಲ್ಲ, ಆದ್ರ ತಡಾ ಮಾಡಿ ತರ್ರಿ. ಸ್ಕ್ರೀನ್ ಕಪ್ಪಾದ ಮ್ಯಾಲೂ ನಾಲ್ಕು ಸೆಕೆಂಡ್ ಬಾಜೂ ಮನಿ ಮಗ್ಗ ಒಂದ ನಡೀಲಿ, ಅದೂ ಫೇಡ್ ಆಗದ, ಅವ್ರ ಮನ್ಯಾಗೂ ಕಂಡಿಕಿ ಮುಗದು ಒಂದು ಕ್ಷಣ ನಿಂತಂಗ ನಿಲ್ಲಲಿ, ಅಲ್ಲಿಂದ ವಯೋಲಿನ್.